ಹ್ಯಾಕಥಾನ್ ಕ್ಯಾಪ್ಶನ್ ಬರೆಯುವ ಮುಂಚೆ ಸೀಟು ಎಣಿಸಿ

ಪೋಸ್ಟರ್ ರೆಡಿ ಇರುತ್ತದೆ. ಕ್ಲಬ್ಬಿನ ಗ್ರೂಪಿನಲ್ಲಿ ಯಾರೋ ಒಬ್ಬರು "ಕ್ಯಾಪ್ಶನ್ ಬೇಗ ಬರೆದುಕೊಡಿ, ಸಂಜೆಗೆ ಹಾಕಬೇಕು" ಅನ್ನುತ್ತಾರೆ. ಹತ್ತು ನಿಮಿಷದಲ್ಲಿ ನಾಲ್ಕು ಸಾಲು ಬರೆದು, ಒಂದಿಷ್ಟು ಹ್ಯಾಶ್‌ಟ್ಯಾಗ್ ಅಂಟಿಸಿ ಪೋಸ್ಟ್ ಮಾಡಿಬಿಡುತ್ತೇವೆ. ಅರ್ಧ ಗಂಟೆಯಲ್ಲಿ ಮೆಸೇಜ್ ಶುರುವಾಗುತ್ತವೆ. ಒಬ್ಬರೇ ಬರಬಹುದಾ? ಬೇರೆ ಕಾಲೇಜಿನ ಫ್ರೆಂಡ್ ಜೊತೆ ಟೀಮ್ ಮಾಡಬಹುದಾ? ಬಹುಮಾನ ತಲಾ ಅಷ್ಟಾ, ಟೀಮಿಗೆ ಅಷ್ಟಾ? ನಾಲ್ಕೂ ಜನ ಫಾರ್ಮ್ ತುಂಬಬೇಕಾ? ಭಾನುವಾರ ಎಷ್ಟು ಗಂಟೆಗೆ ಮುಗಿಯುತ್ತದೆ?

ನಾನು ಮೊದಲ ಸಲ ಈ ಕೆಲಸ ಮಾಡಿದಾಗ ಇವೇ ಪ್ರಶ್ನೆಗಳಿಗೆ ಮೂರು ದಿನ ಉತ್ತರ ಬರೆದಿದ್ದೇನೆ. ಅದಕ್ಕಿಂತ ಕಷ್ಟವಾಗಿದ್ದು ಬೇರೆ. ಕ್ಲಬ್ಬಿನ ಇನ್ನೊಬ್ಬರು ಅದೇ ಪ್ರಶ್ನೆಗೆ ಬೇರೆ ಉತ್ತರ ಕೊಟ್ಟಿದ್ದರು. ಆಗ ನನಗೆ ಗೊತ್ತಾಗಿದ್ದು ಇಷ್ಟು: ಕ್ಯಾಪ್ಶನ್ ಸರಿ ಬಂದಿಲ್ಲ ಅಂದರೆ ಬಹಳ ಸಲ ಬರೆದವರ ತಪ್ಪಲ್ಲ, ನಾವೇ ಒಳಗೆ ಏನನ್ನೂ ತೀರ್ಮಾನ ಮಾಡಿಕೊಂಡಿರುವುದಿಲ್ಲ. ತಂಡದಲ್ಲಿ ಎಷ್ಟು ಜನ, ಬಹುಮಾನ ಎಷ್ಟು, ಯಾವಾಗ ಏನು, ನೋಂದಣಿ ಹೇಗೆ ಅನ್ನುವ ನಾಲ್ಕೂ ಬೇರೆ ಬೇರೆ ವಿಷಯ ಅನ್ನಿಸುತ್ತದೆ. ಆದರೆ ಒಂದನ್ನು ಎಳೆದರೆ ಇನ್ನೊಂದು ಅಲುಗಾಡುತ್ತದೆ. ಹಾಗಾಗಿ ಮೊದಲು ಲೆಕ್ಕ, ಆಮೇಲೆ ಬರಹ. ಒಂದು ಉದಾಹರಣೆ ಇಟ್ಟುಕೊಂಡು ಕೊನೆಯವರೆಗೂ ಹೋಗೋಣ. 24 ಗಂಟೆಯ ಹ್ಯಾಕಥಾನ್, ಶನಿವಾರ ಮಾರ್ಚ್ 14ರಿಂದ ಭಾನುವಾರ ಮಾರ್ಚ್ 15ರವರೆಗೆ, 120 ಜನ ಕೂರುವ ಜಾಗ.

ತಂಡದ ಗಾತ್ರ: ಇಲ್ಲಿಂದಲೇ ಶುರು

"4 ಜನರವರೆಗೆ ತಂಡ" ಅಂತ ಬರೆಯುವುದು ಸಾಮಾನ್ಯ. ಇದರಲ್ಲಿ ಮೇಲಿನ ಮಿತಿ ಇದೆ, ಕೆಳಗಿನ ಮಿತಿ ಇಲ್ಲ. ಒಬ್ಬರೇ ಬರಬಹುದು ಅಂತ ಕೆಲವರು ಓದಿಕೊಳ್ಳುತ್ತಾರೆ, ಕೆಲವರು ಇಲ್ಲ ಅಂದುಕೊಂಡು ಸುಮ್ಮನಾಗುತ್ತಾರೆ. ಹಾಗಾಗಿ ಎರಡೂ ತುದಿ ಬರೆಯಬೇಕು: 2ರಿಂದ 4 ಜನ. ಒಬ್ಬರಿಗೆ ಅವಕಾಶ ಇಲ್ಲದಿದ್ದರೆ ಅದನ್ನೂ ಬಾಯಿಬಿಟ್ಟು ಹೇಳಿ.

ಈಗ ಸೀಟಿನ ಲೆಕ್ಕ. 120 ಸೀಟು ಇದೆ, ಎಲ್ಲ ತಂಡದಲ್ಲೂ 4 ಜನ ಅಂದರೆ 30 ತಂಡ. ಎಲ್ಲರೂ ಇಬ್ಬಿಬ್ಬರೇ ಬಂದರೆ ಅದೇ ಜಾಗದಲ್ಲಿ 60 ತಂಡ ಕೂರಬಹುದು. ಸೀಟು ಒಂದೇ, ತಂಡದ ಸಂಖ್ಯೆ ಮಾತ್ರ ದುಪ್ಪಟ್ಟು. ಸೀಟಿನ ಕಡೆಯಿಂದ ನೋಡಿದರೆ ತೊಂದರೆ ಏನೂ ಇಲ್ಲ ಅನ್ನಿಸುತ್ತದೆ, ಅಲ್ವಾ? ತೊಂದರೆ ಕಾಣುವುದು ಭಾನುವಾರ, ತೀರ್ಪುಗಾರರು ಕೂತಾಗ. ಅವರು ನೋಡುವುದು ತಂಡಗಳನ್ನು, ತಲೆಗಳನ್ನಲ್ಲ. ಒಂದು ತಂಡಕ್ಕೆ 5 ನಿಮಿಷ ಡೆಮೊ, 2 ನಿಮಿಷ ಪ್ರಶ್ನೆ, ಲ್ಯಾಪ್‌ಟಾಪ್ ಬದಲಾಯಿಸಲು 1 ನಿಮಿಷ ಅಂದರೆ 8 ನಿಮಿಷ ಬೇಕು. 30 ತಂಡಕ್ಕೆ 240 ನಿಮಿಷ, ಅಂದರೆ 4 ಗಂಟೆ. 60 ತಂಡಕ್ಕೆ 8 ಗಂಟೆ. ರಾತ್ರಿಯಿಡೀ ನಿದ್ದೆಗೆಟ್ಟವರು ತಮ್ಮ ಸರದಿಗೆ ಎಂಟು ಗಂಟೆ ಕಾಯುವ ಕಾರ್ಯಕ್ರಮವನ್ನು ನಡೆಸಲು ಆಗುವುದಿಲ್ಲ.

ಅದಕ್ಕೇ ಮಿತಿ ಹಾಕಬೇಕಾದದ್ದು ತಂಡಗಳ ಸಂಖ್ಯೆಗೆ. ನಮ್ಮ ಉದಾಹರಣೆಯಲ್ಲಿ 30 ತಂಡ. ಇಬ್ಬರ ತಂಡಗಳು ಬಂದರೆ ಕೆಲವು ಸೀಟು ಖಾಲಿ ಉಳಿಯುತ್ತವೆ, ಉಳಿಯಲಿ. ಬ್ಯಾಗು, ಚಾರ್ಜರ್, ನಿದ್ದೆ ಬಂದವರು ತಲೆ ಇಡುವ ಮೇಜು ಎಲ್ಲಕ್ಕೂ ಆ ಜಾಗ ಬೇಕಾಗುತ್ತದೆ. ಪ್ಲಗ್ ಪಾಯಿಂಟ್ ಕೂಡ ಈಗಲೇ ಎಣಿಸಿ. ಸೀಟು 120 ಇದ್ದು ಪ್ಲಗ್ 40 ಇದ್ದರೆ ಎಕ್ಸ್‌ಟೆನ್ಶನ್ ಬೋರ್ಡ್ ತರಿಸಬೇಕು, ಇಲ್ಲವೇ "ಪ್ರತಿ ತಂಡ ಒಂದು ಎಕ್ಸ್‌ಟೆನ್ಶನ್ ಬೋರ್ಡ್ ತರಬೇಕು" ಅನ್ನುವ ಸಾಲು ಕ್ಯಾಪ್ಶನ್‌ಗೆ ಸೇರಬೇಕು. ಬೋರ್ಡ್ ತಂದರೂ ಒಂದೇ ವಿದ್ಯುತ್ ಲೈನಿನ ಮೇಲೆ ಅಷ್ಟೊಂದು ಲ್ಯಾಪ್‌ಟಾಪ್ ಹೊರೆ ಬೀಳಬಹುದಾ ಅಂತ ಕಾಲೇಜಿನ ಎಲೆಕ್ಟ್ರಿಷಿಯನ್ ಹತ್ತಿರ ಮೊದಲೇ ಕೇಳಿಕೊಳ್ಳಿ.

ತಂಡದ ಬಗ್ಗೆ ಇನ್ನೂ ಮೂರು ವಿಷಯ ತೀರ್ಮಾನ ಆಗಬೇಕು. ಬೇರೆ ಬೇರೆ ಕಾಲೇಜಿನವರು, ಬೇರೆ ಬೇರೆ ವರ್ಷದವರು ಒಂದೇ ತಂಡದಲ್ಲಿ ಇರಬಹುದಾ? ಒಬ್ಬರು ಎರಡು ತಂಡದಲ್ಲಿ ಇರಬಹುದಾ? ನೋಂದಣಿ ಆದ ಮೇಲೆ ಸದಸ್ಯರನ್ನು ಬದಲಾಯಿಸಬಹುದಾ, ಆದರೆ ಯಾವ ದಿನದವರೆಗೆ? ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ಆದರೆ ಹ್ಯಾಕಥಾನ್‌ಗೆ ಎರಡು ದಿನ ಇರುವಾಗ ಯಾರಿಗಾದರೂ ಜ್ವರ ಬರುತ್ತದೆ, ಯಾರಿಗಾದರೂ ಇಂಟರ್ನಲ್ಸ್ ಬೀಳುತ್ತದೆ. "ಮಾರ್ಚ್ 12ರವರೆಗೆ ಒಬ್ಬ ಸದಸ್ಯರನ್ನು ಬದಲಾಯಿಸಬಹುದು" ಅಂತ ಇದ್ದರೆ ಆ ತಂಡ ಉಳಿಯುತ್ತದೆ. ಇಲ್ಲದಿದ್ದರೆ ಇಡೀ ತಂಡವೇ ಬರುವುದಿಲ್ಲ, ಕಾಯುವ ಪಟ್ಟಿಯಲ್ಲಿದ್ದವರಿಗೆ ಹೇಳಲು ಸಮಯವೂ ಸಿಗುವುದಿಲ್ಲ.

ವೇಳಾಪಟ್ಟಿಯನ್ನು ಕೊನೆಯಿಂದ ಕಟ್ಟಿ

ಬಹುತೇಕ ವೇಳಾಪಟ್ಟಿಗಳನ್ನು ಉದ್ಘಾಟನೆಯಿಂದ ಬರೆಯಲು ಶುರು ಮಾಡುತ್ತಾರೆ. ನೀವು ಫಲಿತಾಂಶದಿಂದ ಶುರು ಮಾಡಿ ಹಿಂದಕ್ಕೆ ಬನ್ನಿ. ಹೊರಗಿನಿಂದ ಬಂದವರು ವಾಪಸ್ ಹೋಗುವ ಬಸ್ಸೋ ರೈಲೋ ಬುಕ್ ಮಾಡುವುದು ನೀವು ಬರೆದ ಕೊನೆಯ ಸಮಯ ನೋಡಿ. ಅದು ಎರಡು ಗಂಟೆ ತಡವಾದರೆ ಬಹುಮಾನ ಘೋಷಣೆ ಹೊತ್ತಿಗೆ ಅರ್ಧ ಹಾಲ್ ಖಾಲಿ. ನಾನೇ ಇದನ್ನು ಕಣ್ಣಾರೆ ನೋಡಿದ್ದೇನೆ. ಎರಡನೇ ಸ್ಥಾನ ಬಂದ ತಂಡವನ್ನು ಕರೆದಾಗ ವೇದಿಕೆಗೆ ಬರಲು ಆ ತಂಡದಲ್ಲಿ ಒಬ್ಬರೂ ಉಳಿದಿರಲಿಲ್ಲ, ಎಲ್ಲರೂ ಆಗಲೇ ಬಸ್ಸಿನಲ್ಲಿದ್ದರು.

ಭಾನುವಾರ ಮಧ್ಯಾಹ್ನ 3ಕ್ಕೆ ಫಲಿತಾಂಶ ಹೇಳಬೇಕು ಅಂದುಕೊಳ್ಳೋಣ. ತೀರ್ಪುಗಾರರು ಕೂತು ಅಂಕ ಕೂಡಿಸಿ ಮಾತಾಡಿಕೊಳ್ಳಲು ಮುಕ್ಕಾಲು ಗಂಟೆ ಬಿಡಿ. ಮೊದಲ ಸುತ್ತಿನ 4 ಗಂಟೆ ಒಂದೇ ಪ್ಯಾನೆಲ್‌ಗೆ ತುಂಬಾ ಜಾಸ್ತಿ, ಹಾಗಾಗಿ ಎರಡು ಪ್ಯಾನೆಲ್ ಮಾಡಿ, ತಲಾ 15 ತಂಡ, 120 ನಿಮಿಷ. ಆದರೆ ಎರಡು ಪ್ಯಾನೆಲ್ ಆದ ತಕ್ಷಣ ಒಂದು ಹೊಸ ಸಮಸ್ಯೆ ಹುಟ್ಟುತ್ತದೆ. ಒಂದು ಪ್ಯಾನೆಲ್ ಕೈ ಬಿಚ್ಚಿ ಅಂಕ ಕೊಡುತ್ತದೆ, ಇನ್ನೊಂದು ಬಿಗಿ ಹಿಡಿಯುತ್ತದೆ. ಎರಡರ ಅಂಕವನ್ನೂ ಒಂದೇ ಪಟ್ಟಿಗೆ ಹಾಕಿ ಮೊದಲ ಮೂವರನ್ನು ಆರಿಸಿದರೆ ಬಿಗಿ ಪ್ಯಾನೆಲ್‌ಗೆ ಸಿಕ್ಕ ತಂಡಗಳಿಗೆ ಅನ್ಯಾಯ. ಅದಕ್ಕೆ ಪ್ರತಿ ಪ್ಯಾನೆಲ್‌ನಿಂದ ಮೊದಲ 3 ತಂಡ ತೆಗೆದು, ಒಟ್ಟು 6 ತಂಡ ಎಲ್ಲ ತೀರ್ಪುಗಾರರ ಮುಂದೆ ಮತ್ತೊಮ್ಮೆ ತೋರಿಸಬೇಕು. 6 ತಂಡ, 8 ನಿಮಿಷ, 48 ನಿಮಿಷ.

ಈಗ ಹಿಂದಕ್ಕೆ ಎಣಿಸಿ. 3:00 ಫಲಿತಾಂಶ. 1:15ರಿಂದ ಸುಮಾರು 2:05ರವರೆಗೆ ಅಂತಿಮ ಸುತ್ತು. 12:30ರಿಂದ 1:15 ಊಟ. 10:30ರಿಂದ 12:30 ಮೊದಲ ಸುತ್ತು. 10:00ಕ್ಕೆ ಕೋಡಿಂಗ್ ನಿಲ್ಲಬೇಕು, ನಡುವಿನ ಅರ್ಧ ಗಂಟೆ ಸಬ್ಮಿಶನ್ ನೋಡಿಕೊಳ್ಳಲು. 24 ಗಂಟೆಯ ಹ್ಯಾಕಥಾನ್ ಅಂದಮೇಲೆ ಶನಿವಾರ 10:00ಕ್ಕೆ ಕೋಡಿಂಗ್ ಶುರುವಾಗಲೇಬೇಕು. ಅಂದರೆ ಸಮಸ್ಯೆಗಳನ್ನು ಹೇಳುವುದು 9:30ಕ್ಕೆ, ಹಾಜರಿ 8:30ರಿಂದ 9:15. ನೋಡಿ, ಉದ್ಘಾಟನೆಗೆ ಎಷ್ಟು ಹೊತ್ತು ಅನ್ನುವುದು ತಾನಾಗೇ ಗೊತ್ತಾಯಿತು, 15 ನಿಮಿಷ. ಭಾಷಣ 40 ನಿಮಿಷ ಎಳೆದರೆ ಅದು ಕೋಡಿಂಗ್ ಸಮಯವನ್ನೇ ತಿನ್ನುತ್ತದೆ, ಮತ್ತು "24 ಗಂಟೆ" ಅಂತ ನೀವು ಬರೆದದ್ದು ಸುಳ್ಳಾಗುತ್ತದೆ.

ಇದಷ್ಟನ್ನೂ ಕ್ಯಾಪ್ಶನ್‌ಗೆ ತುರುಕಬೇಡಿ. ಓದುವವರಿಗೆ ಬೇಕಾದ್ದು ಐದು ಸಮಯ: ಯಾವಾಗ ಬರಬೇಕು, ಯಾವಾಗ ಕೋಡಿಂಗ್ ಶುರು, ಯಾವಾಗ ನಿಲ್ಲುತ್ತದೆ, ಡೆಮೊ ಯಾವಾಗ, ಯಾವಾಗ ಮನೆಗೆ ಹೋಗಬಹುದು. ಮೆಂಟರ್‌ಗಳು ಎಷ್ಟು ಹೊತ್ತಿಗೆ ಬರುತ್ತಾರೆ, ಊಟ ಎಷ್ಟು ಗಂಟೆಗೆ ಅನ್ನುವುದನ್ನು ಆಯ್ಕೆಯಾದ ತಂಡಗಳಿಗೆ ಮೇಲ್‌ನಲ್ಲಿ ಕಳಿಸಿದರೆ ಸಾಕು. ರಾತ್ರಿ ಕ್ಯಾಂಪಸ್‌ನಲ್ಲೇ ಉಳಿಯಬೇಕಾ, ಮನೆಗೆ ಹೋಗಿ ಬೆಳಗ್ಗೆ ಬರಬಹುದಾ ಅನ್ನುವುದು ಮಾತ್ರ ಕ್ಯಾಪ್ಶನ್‌ನಲ್ಲೇ ಇರಲಿ. ಎಷ್ಟೋ ಜನ ಮನೆಯಲ್ಲಿ ಒಪ್ಪಿಗೆ ಕೇಳಿಯೇ ಫಾರ್ಮ್ ತುಂಬುವುದು.

ದಿನಾಂಕದಲ್ಲಿ ಎರಡು ತಪ್ಪು ಮತ್ತೆ ಮತ್ತೆ ಆಗುತ್ತವೆ. ಒಂದು, ಕೊನೆಯ ಸಮಯವನ್ನು "ಮಾರ್ಚ್ 8 ರಾತ್ರಿ 12" ಅಂತ ಬರೆಯುವುದು. 7ರ ರಾತ್ರಿ ಮುಗಿದು 8 ಹುಟ್ಟುವ 12 ಗಂಟೆಯಾ, 8 ಮುಗಿಯುವ 12 ಗಂಟೆಯಾ? ಇಡೀ ಒಂದು ದಿನದ ವ್ಯತ್ಯಾಸ. "ಮಾರ್ಚ್ 8, ಭಾನುವಾರ, ರಾತ್ರಿ 11:59" ಅಂದರೆ ಗೊಂದಲ ಇಲ್ಲ. ಎರಡು, ಕಳೆದ ವರ್ಷದ ಕ್ಯಾಪ್ಶನ್ ತೆಗೆದು ದಿನಾಂಕ ಮಾತ್ರ ಬದಲಿಸಿ ವಾರ ಹಾಗೇ ಬಿಡುವುದು. ಒಂದೇ ದಿನಾಂಕ ಮುಂದಿನ ವರ್ಷ ಒಂದು ವಾರದ ದಿನ ಮುಂದೆ ಜರುಗುತ್ತದೆ, ನಡುವೆ ಫೆಬ್ರವರಿ 29 ಬಂದರೆ ಎರಡು ದಿನ. ಮಾರ್ಚ್ 14 ಶನಿವಾರ ಆಗಿರುವುದು 2026ರಲ್ಲಿ, 2025ರಲ್ಲಿ ಅದು ಶುಕ್ರವಾರ ಇತ್ತು. ವಾರ, ದಿನಾಂಕ ಎರಡನ್ನೂ ಬರೆಯಿರಿ, ಕ್ಯಾಲೆಂಡರ್ ತೆರೆದು ಒಮ್ಮೆ ತಾಳೆ ನೋಡಿ. ಎರಡೂ ಬರೆದಿದ್ದರೆ ಒಂದು ತಪ್ಪಾದರೂ ಓದಿದವರು ಹಿಡಿದು ಹೇಳುತ್ತಾರೆ.

ಬಹುಮಾನ: ಕೈಗೆ ಬರುವುದನ್ನು ಮಾತ್ರ ಬರೆಯಿರಿ

ಇಲ್ಲಿ ನನಗೆ ಸ್ವಲ್ಪ ಕಟ್ಟುನಿಟ್ಟಾದ ಅಭಿಪ್ರಾಯ ಇದೆ. "1 ಲಕ್ಷದವರೆಗೆ ಬಹುಮಾನ" ಅಂತ ಪೋಸ್ಟರ್ ಮೇಲೆ ದೊಡ್ಡದಾಗಿ ಹಾಕಿ, ಒಳಗೆ ನೋಡಿದರೆ ನಗದು 20,000, ಮಿಕ್ಕಿದ್ದು ಯಾವುದೋ ಸಾಫ್ಟ್‌ವೇರ್ ಕೂಪನ್, ಕ್ಲೌಡ್ ಕ್ರೆಡಿಟ್, ಕೋರ್ಸ್ ರಿಯಾಯಿತಿಯ ಮುಖಬೆಲೆ. ಕೂಪನ್ ಕೊಡುವುದು ತಪ್ಪಲ್ಲ, ಕ್ಲೌಡ್ ಕ್ರೆಡಿಟ್ ಕೆಲವರಿಗೆ ನಿಜವಾಗಿಯೂ ಉಪಯೋಗ. ಅದನ್ನು ನಗದಿನ ಜೊತೆ ಕೂಡಿಸಿ ಒಂದೇ ಅಂಕಿ ಮಾಡುವುದು ತಪ್ಪು. ಗೆದ್ದ ತಂಡ ಆ ದಿನ ಏನೂ ಹೇಳದೆ ಹೋಗಬಹುದು, ಮುಂದಿನ ವರ್ಷ ಅವರ ಜೂನಿಯರ್‌ಗಳು ಬರುವುದಿಲ್ಲ.

ಬಹುಮಾನದ ಸಾಲಿನಲ್ಲಿ ಮೂರು ವಿಷಯ ಸ್ಪಷ್ಟ ಇರಬೇಕು. ಮೊತ್ತ ಇಡೀ ತಂಡಕ್ಕಾ, ತಲಾ ಒಬ್ಬರಿಗಾ. ನಗದಾ, ವಸ್ತುವಾ. ಯಾವಾಗ, ಹೇಗೆ ಕೈಗೆ ಸೇರುತ್ತದೆ. ನಮ್ಮ ಉದಾಹರಣೆಯಲ್ಲಿ ಒಟ್ಟು 20,000 ಇದೆ ಅಂದುಕೊಳ್ಳಿ. ಮೊದಲನೆಯದು 10,000, ಎರಡನೆಯದು 6,000, ಮೂರನೆಯದು 4,000. "ಇಡೀ ತಂಡಕ್ಕೆ" ಅನ್ನುವ ಎರಡು ಪದ ಇಲ್ಲದಿದ್ದರೆ ನಾಲ್ಕು ಜನರ ತಂಡ ತಲಾ 10,000 ಅಂದುಕೊಂಡು ಬರಬಹುದು, ಕೈಗೆ ಸಿಗುವುದು ತಲಾ 2,500.

ಮೊದಲ ವರ್ಷದವರಿಗೆ ವಿಶೇಷ ಬಹುಮಾನ ಇಟ್ಟರೆ ಒಳ್ಳೆಯದು, ನಾನಂತೂ ಪ್ರತಿ ಸಲ ಇದನ್ನು ಇಡಿಸುತ್ತೇನೆ. ಆದರೆ ಷರತ್ತು ಬರೆಯಲೇಬೇಕು: ತಂಡದ ಎಲ್ಲರೂ ಮೊದಲ ವರ್ಷದವರಾ, ಒಬ್ಬರಿದ್ದರೆ ಸಾಕಾ? ಬರೆಯದಿದ್ದರೆ ಮೂವರು ಕೊನೆಯ ವರ್ಷದವರು ಒಬ್ಬ ಮೊದಲ ವರ್ಷದವನನ್ನು ಸೇರಿಸಿಕೊಂಡು ಬಂದು ಆ ಬಹುಮಾನ ಕೇಳುತ್ತಾರೆ, ಮತ್ತು ನಿಮ್ಮ ಹತ್ತಿರ ಇಲ್ಲ ಅನ್ನಲು ಕಾರಣ ಇರುವುದಿಲ್ಲ. ಇದೇ ರೀತಿ ಪ್ರಮಾಣಪತ್ರ. ಬಂದವರಿಗೆಲ್ಲಾ ಕೊಡುತ್ತೀರಾ, ಪ್ರಾಜೆಕ್ಟ್ ಸಬ್ಮಿಟ್ ಮಾಡಿದವರಿಗೆ ಮಾತ್ರವಾ? ರಾತ್ರಿ ಹತ್ತಕ್ಕೆ ಎದ್ದುಹೋದ ತಂಡಕ್ಕೂ ಪ್ರಮಾಣಪತ್ರ ಸಿಗುತ್ತದೆ ಅಂದರೆ ಬೆಳಗ್ಗೆವರೆಗೂ ಕೂತವರಿಗೆ ಬೇಜಾರಾಗುತ್ತದೆ.

ಪ್ರಾಯೋಜಕರು ಇನ್ನೂ "ನೋಡ್ತೀವಿ" ಹಂತದಲ್ಲಿ ಇದ್ದರೆ ಆ ಹಣ ಕ್ಯಾಪ್ಶನ್‌ಗೆ ಬರಬಾರದು. ಒಪ್ಪಿಗೆಯ ಮೇಲ್ ಬಂದಮೇಲೆ ಬಹುಮಾನ ಹೆಚ್ಚಾಗಿದೆ ಅಂತ ಹೊಸ ಪೋಸ್ಟ್ ಹಾಕಿ, ಎಲ್ಲರಿಗೂ ಖುಷಿ. ಕಡಿಮೆ ಆಗಿದೆ ಅಂತ ಪೋಸ್ಟ್ ಹಾಕುವ ದಿನ ಬರಬಾರದು.

ನೋಂದಣಿ: ಫಾರ್ಮ್ ಮೊದಲು, ಹಂತಗಳು ಆಮೇಲೆ

ಕ್ಯಾಪ್ಶನ್‌ನಲ್ಲಿ ನೋಂದಣಿ ಹಂತ ಬರೆಯುವ ಮುಂಚೆ ಫಾರ್ಮ್ ಪೂರ್ತಿ ತಯಾರಿರಬೇಕು, ಮತ್ತು ನೀವೇ ಒಮ್ಮೆ ತುಂಬಿ ನೋಡಿರಬೇಕು. ಹೆಚ್ಚಿನ ಕ್ಲಬ್‌ಗಳು ಗೂಗಲ್ ಫಾರ್ಮ್ ಬಳಸುವುದರಿಂದ ಅದನ್ನೇ ಹೇಳುತ್ತೇನೆ.

ಮೊದಲ ಬಲೆ ಕಾಲೇಜಿನ ಮೇಲ್ ಐಡಿ. ಕಾಲೇಜು ಕೊಟ್ಟ ಅಕೌಂಟ್‌ನಿಂದ ಫಾರ್ಮ್ ಮಾಡಿದರೆ ಅದು ಆ ಸಂಸ್ಥೆಯ ಅಕೌಂಟ್ ಇರುವವರಿಗೆ ಮಾತ್ರ ತೆರೆಯುವ ಹಾಗೆ ಇರಬಹುದು. ನಿಮಗೆ ತೆರೆಯುತ್ತದೆ, ನಿಮ್ಮ ಕ್ಲಾಸಿನವರಿಗೆಲ್ಲಾ ತೆರೆಯುತ್ತದೆ, ಹೊರಗಿನ ಕಾಲೇಜಿನವರಿಗೆ ಮಾತ್ರ ಅನುಮತಿ ಇಲ್ಲ ಅಂತ ಬರುತ್ತದೆ. ಅವರು ಒಂದು ಸಲ ನೋಡಿ ಬಿಟ್ಟುಬಿಡುತ್ತಾರೆ, ನಿಮಗೆ ಹೇಳುವುದೂ ಇಲ್ಲ. ಎರಡು ದಿನ ಆದರೂ ಹೊರಗಿನ ಒಂದೇ ಒಂದು ತಂಡ ಬಂದಿಲ್ಲ ಅಂದರೆ ಮೊದಲು ಅನುಮಾನ ಪಡಬೇಕಾದದ್ದು ಇದನ್ನೇ. ಪರೀಕ್ಷೆ ಸುಲಭ: ಬ್ರೌಸರ್‌ನ ಇನ್‌ಕಾಗ್ನಿಟೊ ಕಿಟಕಿಯಲ್ಲಿ ಲಾಗಿನ್ ಇಲ್ಲದೆ ಲಿಂಕ್ ತೆರೆಯಿರಿ. ಫಾರ್ಮ್‌ನಲ್ಲಿ ಫೈಲ್ ಅಪ್‌ಲೋಡ್ ಕೇಳಿದ್ದರೆ ಗೂಗಲ್ ಅಕೌಂಟ್‌ಗೆ ಸೈನ್ ಇನ್ ಆಗಲೇಬೇಕಾಗುತ್ತದೆ, ಆ ಫೈಲ್‌ಗಳು ನಿಮ್ಮ ಡ್ರೈವ್‌ನ ಜಾಗವನ್ನೂ ತಿನ್ನುತ್ತವೆ. ಐಡಿ ಕಾರ್ಡ್ ಫೋಟೊ ನೋಂದಣಿಯಲ್ಲಿ ನಿಜವಾಗಿಯೂ ಬೇಕಾ? ಬಾಗಿಲಲ್ಲಿ ಕಾರ್ಡ್ ನೋಡಿದರೆ ಸಾಕು. ನೂರಾರು ಜನರ ಕಾರ್ಡ್ ಫೋಟೊ ಕಾಯುವ ಹೊಣೆ ಸುಮ್ನೆ ತಲೆ ಮೇಲೆ ಹಾಕಿಕೊಳ್ಳಬೇಡಿ.

ಎರಡನೆಯದು ಕಡ್ಡಾಯದ ಚುಕ್ಕಿ. ತಂಡ 2ರಿಂದ 4 ಅಂತ ಬರೆದು, ಫಾರ್ಮ್‌ನಲ್ಲಿ ನಾಲ್ಕೂ ಸದಸ್ಯರ ಹೆಸರು ಕಡ್ಡಾಯ ಮಾಡಿದರೆ ಇಬ್ಬರ ತಂಡ ಏನು ಮಾಡಬೇಕು? ಮೂರು ಮತ್ತು ನಾಲ್ಕನೇ ಜಾಗದಲ್ಲಿ ಅಡ್ಡಗೆರೆ, ಚುಕ್ಕಿ, ಇಲ್ಲವೇ ತಮ್ಮದೇ ಹೆಸರನ್ನು ಮತ್ತೆ ತುಂಬುತ್ತಾರೆ. ಆಮೇಲೆ ಹಾಜರಿ ಪಟ್ಟಿ ಮಾಡುವಾಗ ಒಬ್ಬೊಬ್ಬರನ್ನೂ ಕೂತು ಬಿಡಿಸಬೇಕು. ಮೊದಲ ಇಬ್ಬರದು ಕಡ್ಡಾಯ, ಉಳಿದ ಇಬ್ಬರದು ಐಚ್ಛಿಕ. ಕ್ಯಾಪ್ಶನ್‌ನ ಮಾತು ಮತ್ತು ಫಾರ್ಮ್‌ನ ನಡವಳಿಕೆ ಒಂದೇ ಇರಬೇಕು.

ಮೂರನೆಯದು ಎರಡೆರಡು ಸಲ ತುಂಬುವುದು. "ತಂಡದ ಲೀಡರ್ ಮಾತ್ರ, ಒಂದೇ ಸಲ" ಅಂತ ಹೇಳದಿದ್ದರೆ ಒಂದೇ ತಂಡದಿಂದ ನಾಲ್ಕು ನೋಂದಣಿ ಬರುತ್ತದೆ, ಅದೂ ತಂಡದ ಹೆಸರಿನ ಸ್ಪೆಲಿಂಗ್ ನಾಲ್ಕು ತರ. 30 ತಂಡ ತುಂಬಿತು ಅಂತ ಫಾರ್ಮ್ ಮುಚ್ಚುತ್ತೀರಿ, ಬಿಡಿಸಿ ನೋಡಿದರೆ 19 ತಂಡ ಇರುತ್ತದೆ. ತುಂಬಿದವರಿಗೆ ಅವರ ಉತ್ತರದ ಪ್ರತಿ ಮೇಲ್‌ಗೆ ಹೋಗುವ ಹಾಗೆ ಸೆಟ್ಟಿಂಗ್‌ನಲ್ಲಿ ಹಾಕಿ. ತುಂಬಿದ್ದಕ್ಕೆ ಸಾಕ್ಷಿ ಸಿಗದೇ ಹೋದಾಗಲೇ ಜನ ಮತ್ತೆ ತುಂಬುವುದು.

ಮತ್ತೆ, ಫಾರ್ಮ್ ತುಂಬಿದ ಮಾತ್ರಕ್ಕೆ ಸೀಟು ಸಿಕ್ಕಿತಾ? ಇದನ್ನು ಒಂದು ಸಾಲಿನಲ್ಲಿ ಹೇಳಲೇಬೇಕು. ನಮ್ಮ ಉದಾಹರಣೆಯಲ್ಲಿ ಮೊದಲು ಬಂದ 30 ತಂಡಗಳಿಗೆ ಸೀಟು, ಮುಂದಿನ 8 ತಂಡ ಕಾಯುವ ಪಟ್ಟಿಯಲ್ಲಿ. ಮಾರ್ಚ್ 10 ಮಂಗಳವಾರ ಮೇಲ್ ಹೋಗುತ್ತದೆ. ಮಾರ್ಚ್ 11 ಬುಧವಾರ ಸಂಜೆ 6ರೊಳಗೆ "ಬರುತ್ತೇವೆ" ಅಂತ ಉತ್ತರಿಸದ ತಂಡದ ಸೀಟು ಕಾಯುವವರಿಗೆ. ಶುಲ್ಕ ಇಲ್ಲದ ಕಾರ್ಯಕ್ರಮದಲ್ಲಿ ಈ ಉತ್ತರದ ಹಂತ ತುಂಬಾ ಮುಖ್ಯ, ಹೆಸರು ಕೊಟ್ಟು ಬರದೇ ಹೋಗುವವರು ಅಲ್ಲೇ ಜಾಸ್ತಿ. ಶುಲ್ಕ ಇದ್ದರೆ ಎಷ್ಟು, ತಂಡಕ್ಕಾ ತಲೆಗಾ, ಸೀಟು ಸಿಗದಿದ್ದರೆ ವಾಪಸ್ ಬರುತ್ತದಾ ಅನ್ನುವುದನ್ನು ಅದೇ ಸಾಲಿನಲ್ಲಿ ಸೇರಿಸಿ.

ಈಗ ಬರೆಯೋಣ

ಇಷ್ಟು ಆದಮೇಲೆ ಕ್ಯಾಪ್ಶನ್ ಬರೆಯಲು ನಿಜಕ್ಕೂ ಹತ್ತು ನಿಮಿಷ ಸಾಕು. ನಮ್ಮ ಉದಾಹರಣೆಯದು ಹೀಗೆ ಬರುತ್ತದೆ:

> 24 ಗಂಟೆಯ ಹ್ಯಾಕಥಾನ್, ಮಾರ್ಚ್ 14–15. 2ರಿಂದ 4 ಜನರ ತಂಡ, ಶುಲ್ಕ ಇಲ್ಲ. ನೋಂದಣಿ ಮಾರ್ಚ್ 8ರವರೆಗೆ.
>
> ಯಾರು ಬರಬಹುದು: ಯಾವುದೇ ಕಾಲೇಜು, ಯಾವುದೇ ವರ್ಷ, ಯಾವುದೇ ವಿಭಾಗ. ಒಂದೇ ತಂಡದಲ್ಲಿ ಬೇರೆ ಬೇರೆ ಕಾಲೇಜಿನವರು ಇರಬಹುದು. ಒಬ್ಬರು ಒಂದೇ ತಂಡದಲ್ಲಿ ಇರಬೇಕು. ಒಬ್ಬರೇ ನೋಂದಾಯಿಸಲು ಆಗುವುದಿಲ್ಲ. ಮೊದಲು ಬಂದ 30 ತಂಡಗಳಿಗೆ ಸೀಟು, ಮುಂದಿನ 8 ತಂಡ ಕಾಯುವ ಪಟ್ಟಿಯಲ್ಲಿ.
>
> ಬಹುಮಾನ (ನಗದು, ಇಡೀ ತಂಡಕ್ಕೆ): 10,000 / 6,000 / 4,000. ಭಾನುವಾರವೇ ಕೈಗೆ ಕೊಡುತ್ತೇವೆ. ಪ್ರಾಜೆಕ್ಟ್ ಸಬ್ಮಿಟ್ ಮಾಡಿದ ಎಲ್ಲರಿಗೂ ಪ್ರಮಾಣಪತ್ರ.
>
> ಶನಿವಾರ, ಮಾರ್ಚ್ 14: ಬೆಳಗ್ಗೆ 8:30ರಿಂದ 9:15 ಹಾಜರಿ, 10:00 ಕೋಡಿಂಗ್ ಶುರು.
> ಭಾನುವಾರ, ಮಾರ್ಚ್ 15: ಬೆಳಗ್ಗೆ 10:00 ಕೋಡಿಂಗ್ ಮುಕ್ತಾಯ, 10:30ರಿಂದ ಡೆಮೊ, ಮಧ್ಯಾಹ್ನ 3:00 ಫಲಿತಾಂಶ.
> ರಾತ್ರಿ ಕ್ಯಾಂಪಸ್‌ನಲ್ಲೇ ಉಳಿಯಬಹುದು. ಮನೆಗೆ ಹೋಗಿ ಬರುವವರು ಲೀಡರ್ ಮೂಲಕ ತಿಳಿಸಿ ಹೋಗಿ.
>
> ನೋಂದಣಿ ಹೇಗೆ:
> 1. ಬಯೋದಲ್ಲಿರುವ ಲಿಂಕ್ ತೆರೆಯಿರಿ. ಲೀಡರ್ ಮಾತ್ರ, ಒಂದೇ ಸಲ ತುಂಬಿ.
> 2. ಎಲ್ಲ ಸದಸ್ಯರ ಹೆಸರು, ಕಾಲೇಜು, ವರ್ಷ, ಮೇಲ್, ಫೋನ್ ಕೈಲಿ ಇಟ್ಟುಕೊಳ್ಳಿ.
> 3. ಮಾರ್ಚ್ 8, ಭಾನುವಾರ, ರಾತ್ರಿ 11:59 ಕೊನೆ.
> 4. ಮಾರ್ಚ್ 10ರಂದು ಮೇಲ್ ಬರುತ್ತದೆ. ಮಾರ್ಚ್ 11 ಸಂಜೆ 6ರೊಳಗೆ ಉತ್ತರಿಸಿದರೆ ಸೀಟು ಖಾತ್ರಿ.
> ಮಾರ್ಚ್ 12ರವರೆಗೆ ಒಬ್ಬ ಸದಸ್ಯರನ್ನು ಬದಲಾಯಿಸಬಹುದು.
>
> ತರಬೇಕಾದ್ದು: ಲ್ಯಾಪ್‌ಟಾಪ್, ಚಾರ್ಜರ್, ಕಾಲೇಜ್ ಐಡಿ, ತಂಡಕ್ಕೊಂದು ಎಕ್ಸ್‌ಟೆನ್ಶನ್ ಬೋರ್ಡ್.
> ಸ್ಥಳ: ಮುಖ್ಯ ಕಟ್ಟಡ, ಎರಡನೇ ಮಹಡಿಯ ಲ್ಯಾಬ್.

ಇದಕ್ಕೆ ಪ್ರಶ್ನೆ ಕೇಳಲು ಇಬ್ಬರ ಹೆಸರು, ನಂಬರ್ ಸೇರಿಸಿ. ಒಬ್ಬರದೇ ಹಾಕಿದರೆ ಅವರು ಕ್ಲಾಸಲ್ಲಿ ಇರುವಾಗ ಉತ್ತರ ಸಿಗುವುದಿಲ್ಲ. ನಂಬರ್ ಹಾಕುವ ಮುಂಚೆ ಅವರನ್ನು ಕೇಳಿ, ಪೋಸ್ಟ್ ಎಲ್ಲಿಗೆಲ್ಲಾ ಹೋಗುತ್ತದೆ ಅಂತ ಹೇಳಲು ಬರುವುದಿಲ್ಲ.

ಮೊದಲ ಸಾಲಿನ ಬಗ್ಗೆ ಎರಡು ಮಾತು. ಇನ್‌ಸ್ಟಾಗ್ರಾಮ್‌ನಲ್ಲಿ ಮೇಲಿನ ಒಂದೆರಡು ಸಾಲು ಮಾತ್ರ ಕಾಣುತ್ತದೆ, ಉಳಿದದ್ದು more ಒತ್ತಿದರೆ. ಸುಮಾರು 125 ಅಕ್ಷರ ಅಂತ ಲೆಕ್ಕ ಇಟ್ಟುಕೊಳ್ಳಿ. "ಕೋಡರ್‌ಗಳೇ, ನೀವು ಕಾಯುತ್ತಿದ್ದ ಕ್ಷಣ ಬಂದೇಬಿಟ್ಟಿತು" ಅಂತ ಶುರು ಮಾಡಿದರೆ ಆ ಜಾಗದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಅಲ್ಲೇ ಮುಗಿಯಿತು, ದಿನಾಂಕ ಕಾಣದೇ ಹೋಗಬಹುದು. ಇಡೀ ಕ್ಯಾಪ್ಶನ್‌ಗೆ ಇರುವ ಮಿತಿ 2,200 ಅಕ್ಷರ. ಕನ್ನಡದಲ್ಲಿ ಬರೆಯುವವರಿಗೆ ಇಲ್ಲೊಂದು ವಿಷಯ ಗೊತ್ತಿರಬೇಕು. ನಮ್ಮ ಕಣ್ಣಿಗೆ ಒಂದು ಅಕ್ಷರ ಅನ್ನಿಸುವುದು ಯೂನಿಕೋಡ್ ಲೆಕ್ಕದಲ್ಲಿ ಒಂದಲ್ಲ. ಗುಣಿತದ ಗುರುತು ಬೇರೆ, ಒತ್ತಕ್ಷರಕ್ಕೆ ನಡುವೆ ಬರುವ ವಿರಾಮ ಬೇರೆ. ಪೈಥಾನ್‌ನಲ್ಲಿ ನೋಡಿ:

```
print(len("ಹ್ಯಾಕಥಾನ್"))
```

ಓದುವಾಗ ಹ್ಯಾ, ಕ, ಥಾ, ನ್, ನಾಲ್ಕು. ಉತ್ತರ ಬರುವುದು 9. ಹಾಗಾಗಿ ಜಾಗ ಇನ್ನೂ ಬೇಕಾದಷ್ಟಿದೆ ಅನ್ನಿಸುವಾಗಲೇ ಮಿತಿ ಮುಟ್ಟಿರುತ್ತದೆ. ಬರೆದದ್ದನ್ನು ಪೂರ್ತಿ ಹೀಗೆ ಎಣಿಸಿ ನೋಡಿದರೆ ಕೊನೆ ಗಳಿಗೆಯಲ್ಲಿ ಸ್ಥಳದ ಸಾಲು ಕಡಿಯುವ ಪರಿಸ್ಥಿತಿ ಬರುವುದಿಲ್ಲ. ನಮ್ಮ ಉದಾಹರಣೆಯ ಮೊದಲ ಸಾಲು ಈ ಲೆಕ್ಕದಲ್ಲಿ ನೂರರೊಳಗೇ ಇದೆ.

ಇನ್‌ಸ್ಟಾಗ್ರಾಮ್ ಕ್ಯಾಪ್ಶನ್‌ನಲ್ಲಿ ಹಾಕಿದ ಲಿಂಕ್ ಒತ್ತಿದರೆ ತೆರೆಯುವುದಿಲ್ಲ, ಅದಕ್ಕೇ "ಬಯೋದಲ್ಲಿರುವ ಲಿಂಕ್" ಅಂತ ಬರೆದದ್ದು. ಸ್ಟೋರಿಯಲ್ಲಾದರೆ ಲಿಂಕ್ ಸ್ಟಿಕ್ಕರ್ ಇದೆ. ಅದೇ ಬರಹವನ್ನು ವಾಟ್ಸಾಪ್‌ಗೆ ಹಾಕುವಾಗ ಆ ಸಾಲು ತೆಗೆದು ನಿಜವಾದ ಲಿಂಕ್ ಹಾಕಿ. ವಾಟ್ಸಾಪ್‌ನಲ್ಲಿ ಓದುವವರಿಗೆ ಯಾವ ಬಯೋ ಅಂತ ಹೇಗೆ ಗೊತ್ತಾಗಬೇಕು? ಈ ಒಂದು ಸಾಲು ಬದಲಿಸಲು ಮರೆತು ಎಷ್ಟೋ ನೋಂದಣಿ ಕೈತಪ್ಪುತ್ತವೆ.

ಪೋಸ್ಟ್ ಮಾಡುವ ಮುಂಚೆ ಕ್ಲಬ್ಬಿಗೆ ಸೇರದ ಒಬ್ಬರಿಗೆ, ಸಾಧ್ಯವಾದರೆ ಬೇರೆ ಕಾಲೇಜಿನ ಮೊದಲ ವರ್ಷದವರಿಗೆ, ಓದಲು ಕೊಡಿ. "ಚೆನ್ನಾಗಿದೆಯಾ?" ಅಂತ ಕೇಳಬೇಡಿ. "ನೀನು ಮತ್ತು ನಿನ್ನ ಫ್ರೆಂಡ್ ಇಬ್ಬರೇ ಬರಬೇಕು, ಏನು ಮಾಡುತ್ತೀಯ, ಭಾನುವಾರ ಎಷ್ಟು ಗಂಟೆಗೆ ಹೊರಡುತ್ತೀಯ?" ಅಂತ ಕೇಳಿ. ಅವರು ತಡವರಿಸಿದ ಜಾಗದಲ್ಲಿ ಬರಹ ತಿದ್ದಿ.

ಹಾಕಿದ ಮೇಲೆ ಏನಾದರೂ ಬದಲಾದರೆ ಇನ್‌ಸ್ಟಾಗ್ರಾಮ್‌ನಲ್ಲಿ ಕ್ಯಾಪ್ಶನ್ ತಿದ್ದಬಹುದು, ಆದರೆ ಆಗಲೇ ಓದಿದವರಿಗೆ ಅದು ತಿಳಿಯುವುದಿಲ್ಲ. ವಾಟ್ಸಾಪ್‌ನಲ್ಲಿ ಕಳಿಸಿದ ಮೆಸೇಜ್ ತಿದ್ದಲು 15 ನಿಮಿಷ ಮಾತ್ರ ಅವಕಾಶ, ಬೇರೆಯವರು ಫಾರ್ವರ್ಡ್ ಮಾಡಿದ ಪ್ರತಿಗಳು ಹಳೆಯದಾಗೇ ಸುತ್ತುತ್ತಿರುತ್ತವೆ. ಅದಕ್ಕೆ ಬದಲಾದಾಗ ಕ್ಯಾಪ್ಶನ್‌ನ ಎರಡನೇ ಸಾಲಿನಲ್ಲೇ "ಮಾರ್ಚ್ 5ರ ತಿದ್ದುಪಡಿ: ಹಾಜರಿ 8:30ರ ಬದಲು 8:00ಕ್ಕೆ" ಅಂತ ಹಳೆಯದು, ಹೊಸದು ಎರಡನ್ನೂ ಬರೆಯಿರಿ, ಸ್ಟೋರಿ ಹಾಕಿ, ಆಗಲೇ ನೋಂದಾಯಿಸಿದವರಿಗೆ ಮೇಲ್ ಕಳಿಸಿ. ಮಾರ್ಚ್ 8ರ ರಾತ್ರಿ ಫಾರ್ಮ್ ಮುಚ್ಚುವ ಕೆಲಸ ಒಬ್ಬರ ಹೆಸರಿಗೆ ಬರೆದಿಡಿ, ಅವರು ಫೋನಿನಲ್ಲಿ 11:59ಕ್ಕೆ ಅಲಾರಂ ಇಟ್ಟುಕೊಳ್ಳಲಿ. ಮುಚ್ಚಿದ ಫಾರ್ಮ್ ತೆರೆದವರಿಗೆ ಕಾಣುವ ಸಂದೇಶವನ್ನೂ ಬದಲಾಯಿಸಬಹುದು. "ನೋಂದಣಿ ಮುಗಿದಿದೆ, ಆಯ್ಕೆಯಾದ ತಂಡಗಳಿಗೆ ಮಾರ್ಚ್ 10ರಂದು ಮೇಲ್ ಬರುತ್ತದೆ" ಅಂತ ಅಲ್ಲೇ ಬರೆದಿಟ್ಟರೆ ಆ ರಾತ್ರಿ ಬರುವ ಮೆಸೇಜ್‌ಗಳಲ್ಲಿ ಅರ್ಧ ಕಡಿಮೆ.